‘ಮನ್ಯಾಗ ಅದೀಯಲ್ಲ?’: ಮನೆಯಿಂದ ಕೆಲಸ ಮಾಡುವವರ ಅನುಭವಗಳಿಂದ ಒಂದು ಕ್ಯಾರಸೆಲ್ ಮಾಡುವುದು ಹೇಗೆ

ಮನೆಯಿಂದ ಕೆಲಸ ಮಾಡುವವರಿಗೆ ಅಂತ ಮಾಡಿದ ಕ್ಯಾರಸೆಲ್‌ಗಳನ್ನು ನೀವೂ ನೋಡಿರುತ್ತೀರಿ. ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಾ ಹೋದರೆ ಒಂದೊಂದು ಸ್ಲೈಡಿನಲ್ಲಿ ಒಂದೊಂದು ಅಪ್ಪಣೆ. ಸಂಜೆ 6ಕ್ಕೆ ಲ್ಯಾಪ್‌ಟಾಪ್ ಮುಚ್ಚಿ. ಕೆಲಸಕ್ಕೆ ಬೇರೆ ರೂಮ್ ಇಟ್ಟುಕೊಳ್ಳಿ. ‘ಇಲ್ಲ’ ಅನ್ನಲು ಕಲಿಯಿರಿ. ಕೊನೆಗೆ ಒಂದು ಗಿಡದ ಚಿತ್ರ, ಪಕ್ಕದಲ್ಲಿ ಕಾಫಿ ಕಪ್ಪು.

ಇದನ್ನು ಬೆಳಗಾವಿಯ ಹಿಂದವಾಡಿಯಲ್ಲಿ ಕೂತು ಅಮೆರಿಕದ ಟೀಮಿನ ಜೊತೆ ಕೆಲಸ ಮಾಡುವವರು ಓದುತ್ತಾರೆ ಅಂದುಕೊಳ್ಳಿ. ನ್ಯೂಯಾರ್ಕ್‌ನಲ್ಲಿ ಬೆಳಗಿನ 9 ಗಂಟೆ ಅಂದರೆ ಚಳಿಗಾಲದಲ್ಲಿ ನಮ್ಮ ಸಂಜೆ 7:30. ಮಾರ್ಚಿನಲ್ಲಿ ಅವರು ಗಡಿಯಾರ ಮುಂದೆ ಮಾಡಿದ ಮೇಲೆ ಅದೇ 9 ಗಂಟೆ ನಮಗೆ 6:30. ಇವರ ಮುಖ್ಯ ಮೀಟಿಂಗ್ ಶುರುವಾಗುವುದೇ ‘ಲ್ಯಾಪ್‌ಟಾಪ್ ಮುಚ್ಚಿ’ ಅಂದ ಹೊತ್ತಿನ ಮೇಲೆ. ಬೇರೆ ರೂಮಿನ ಮಾತು ಬಿಡಿ. ಎರಡು ರೂಮಿನ ಮನೆಯಲ್ಲಿ ಆರು ಜನ ಇದ್ದರೆ ಬೇರೆ ರೂಮ್ ಎಲ್ಲಿಂದ ಬರಬೇಕು? ಓದಿದವರು ಸುಮ್ನೆ ಮುಂದಿನ ಪೋಸ್ಟಿಗೆ ಹೋಗುತ್ತಾರೆ.

ಆ ನಿಯಮಗಳು ತಪ್ಪು ಅಂತಲ್ಲ. ಅವುಗಳಲ್ಲಿ ಯಾರ ಮನೆಯೂ ಕಾಣುವುದಿಲ್ಲ, ಅಷ್ಟೇ. ಹಾಗಾಗಿ ನಿಯಮ ಒಂದೂ ಇಲ್ಲದೆ, ನಾಲ್ಕು ಜನರ ನಿಜವಾದ ಅನುಭವದಿಂದ ಎಂಟು ಸ್ಲೈಡಿನ ಒಂದು ಕನ್ನಡ ಕ್ಯಾರಸೆಲ್ ಮಾಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಆಫೀಸಿನ ಎಚ್‌ಆರ್ ಕೆಲಸದವರಿಗೂ, ಊರಿನ ಐಟಿ ಗೆಳೆಯರ ಗುಂಪಿಗೆ ಪೋಸ್ಟ್ ಮಾಡುವವರಿಗೂ ಇದು ಬಳಕೆಗೆ ಬರುತ್ತದೆ.

ಮೊದಲು, ಒಂದೇ ಒಂದು ಮಾತು ಆರಿಸಿಕೊಳ್ಳಿ

‘ಕೆಲಸ ಮತ್ತು ಬದುಕಿನ ನಡುವಿನ ಗಡಿ’ ಅನ್ನುವುದು ಒಂದು ಕ್ಯಾರಸೆಲ್‌ಗೆ ತುಂಬಾ ದೊಡ್ಡದು. ಅದರೊಳಗೆ ರಜೆ ಇದೆ, ರಾತ್ರಿಯ ಮೆಸೇಜ್ ಇದೆ, ಊಟದ ಹೊತ್ತು ಇದೆ, ಮಕ್ಕಳ ಪರೀಕ್ಷೆ ಇದೆ. ಎಲ್ಲ ತುಂಬಿದರೆ ಮತ್ತೆ ನಿಯಮಗಳ ಪಟ್ಟಿಯೇ ಆಗುತ್ತದೆ. ಬದಲಿಗೆ ಜನ ನಿಜವಾಗಿ ಆಡುವ ಒಂದು ಮಾತನ್ನು ಹಿಡಿಯಿರಿ.

ನಮ್ಮ ಕಡೆ ಆ ಮಾತು ರೆಡಿ ಇದೆ: ‘ಮನ್ಯಾಗ ಅದೀಯಲ್ಲ?’ ಗ್ಯಾಸ್ ಸಿಲಿಂಡರ್ ಬಂದರೆ, ಅಜ್ಜಿಯನ್ನು ಡಾಕ್ಟರ್ ಹತ್ತಿರ ಕರೆದೊಯ್ಯಬೇಕಾದರೆ, ಕಾಕಾನ ಪಾಸ್‌ಬುಕ್ ಎಂಟ್ರಿ ಮಾಡಿಸಬೇಕಾದರೆ ಮೊದಲು ಕರೆಯುವುದು ಮನೆಯಲ್ಲಿ ಕೂತು ಕೆಲಸ ಮಾಡುವವರನ್ನೇ. ದಿನಾ ಬಸ್ ಹತ್ತಿ ಆಫೀಸಿಗೆ ಹೋಗುವ ತಮ್ಮನನ್ನು ಯಾರೂ ಕರೆಯುವುದಿಲ್ಲ.

ಸ್ವಲ್ಪ ಕಿವಿ ಕೊಟ್ಟರೆ ಆಫೀಸೂ ಅದೇ ಮಾತಾಡುತ್ತದೆ. ರಾತ್ರಿ ಒಂಬತ್ತೂವರೆಗೆ ಲೀಡ್ ಮೆಸೇಜ್ ಮಾಡುತ್ತಾರೆ: ‘ಹೇಗೂ ಮನೇಲೇ ಇದ್ದೀರಲ್ಲ, ಒಂದು ಹತ್ತು ನಿಮಿಷ ಜಾಯಿನ್ ಆಗಿ.’ ಮನೆಯವರ ಲೆಕ್ಕದಲ್ಲಿ ಇವರು ಕೆಲಸದಲ್ಲಿಲ್ಲ. ಆಫೀಸಿನ ಲೆಕ್ಕದಲ್ಲಿ ಇವರು ಯಾವಾಗಲೂ ಕೆಲಸದಲ್ಲೇ ಇದ್ದಾರೆ. ಒಂದೇ ಮಾತು ಎರಡು ಕಡೆಯಿಂದ ಬಂದು ನಡುವೆ ಒಬ್ಬರನ್ನು ಹಿಂಡುತ್ತದೆ. ಕ್ಯಾರಸೆಲ್‌ಗೆ ಇಷ್ಟು ಸಾಕು. ಬೇರೆ ಊರಿನವರು, ಬೇರೆ ಟೀಮಿನವರು ತಮ್ಮಲ್ಲಿ ಓಡಾಡುವ ಮಾತನ್ನು ಹುಡುಕಿಕೊಳ್ಳಲಿ.

ಅನುಭವ ಕೇಳುವುದು

ಆರೇಳು ಜನರನ್ನು ಕೇಳಿದರೆ ನಾಲ್ಕು ಅನುಭವ ಬಳಸುವಂತಿರುತ್ತವೆ. ಒಂದೇ ಥರದವರನ್ನು ಕೇಳಬೇಡಿ. ಮದುವೆಯಾದ ಹೆಣ್ಣುಮಕ್ಕಳು, ಒಬ್ಬರೇ ಇರುವ ಹುಡುಗರು, ರಾತ್ರಿ ಪಾಳಿಯವರು, ವಯಸ್ಸಾದ ಅಪ್ಪ-ಅಮ್ಮನನ್ನು ನೋಡಿಕೊಳ್ಳುವವರು, ಹೀಗೆ ಬೇರೆ ಬೇರೆ ಮನೆಗಳಿರಲಿ.

ಕೇಳುವವರು ಯಾರು ಅನ್ನುವುದು ಇಲ್ಲಿ ತುಂಬಾ ಮುಖ್ಯ. ಲೀಡ್ ಅಥವಾ ಮ್ಯಾನೇಜರ್ ಕೇಳಿದರೆ ಸಿಗುವುದು ಒಂದೇ ಉತ್ತರ: ‘ಏನೂ ತೊಂದರೆ ಇಲ್ರೀ, ಎಲ್ಲಾ ಚಲೋ ಐತಿ.’ ರಜೆ, ಅಪ್ರೈಸಲ್ ಯಾರ ಕೈಯಲ್ಲಿದೆಯೋ ಅವರು ಈ ಕೆಲಸದಿಂದ ದೂರ ಇರುವುದೇ ಒಳ್ಳೆಯದು. ಎಚ್‌ಆರ್ ಮಾಡುವುದಾದರೂ ಬೇರೆ ಟೀಮಿನ ಒಬ್ಬ ಸಹೋದ್ಯೋಗಿಯಿಂದ ಕೇಳಿಸಲಿ.

‘ನೀವು ಬ್ಯಾಲೆನ್ಸ್ ಹೇಗೆ ಮಾಡ್ತೀರಿ?’ ಅಂತ ಕೇಳಿದರೆ ಕೆಲಸ ಕೆಟ್ಟಿತು. ಆ ಪ್ರಶ್ನೆಗೆ ಜನ ಎಲ್ಲೋ ಓದಿದ ನಿಯಮವನ್ನೇ ವಾಪಸ್ ಹೇಳುತ್ತಾರೆ. ಒಂದು ದಿನಕ್ಕೆ ಅವರನ್ನು ಕರೆದುಕೊಂಡು ಹೋಗಿ. ‘ಹೋದ ವಾರ ಯಾರಾದರೂ ‘ಮನ್ಯಾಗ ಅದೀಯಲ್ಲ’ ಅಂದ್ರಾ? ಆಗ ನೀವು ಎಲ್ಲಿ ಕುಂತಿದ್ರಿ? ಅವರು ಏನಂದ್ರು, ಅದೇ ಮಾತಿನಾಗ ಹೇಳ್ರಿ. ನೀವೇನಂದ್ರಿ? ಮರುದಿನ ಏನಾಯ್ತು?’ ಇಷ್ಟೇ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಗಡಿ ಹಾಕಿದ ದಿನದ ಕತೆ ಎಲ್ಲರೂ ಹೇಳುತ್ತಾರೆ. ಅದು ಉಳಿಯಿತೋ ಇಲ್ಲವೋ, ಅದಕ್ಕೆ ಬದಲಾಗಿ ಏನು ಬಿಟ್ಟುಕೊಟ್ಟರು ಅನ್ನುವುದು ಮರುದಿನದಲ್ಲಿರುತ್ತದೆ.

ಬರೆದು ಕೊಡಿ ಅನ್ನುವುದಕ್ಕಿಂತ ವಾಟ್ಸಾಪ್ ವಾಯ್ಸ್ ಮೆಸೇಜ್ ಕಳಿಸಿ ಅನ್ನುವುದು ಒಳ್ಳೆಯದು. ಬರೆಯಲು ಕೂತರೆ ಜನ ಆಫೀಸಿನ ಭಾಷೆಗೆ ಜಾರುತ್ತಾರೆ. ಬಾಯಲ್ಲಿ ಹೇಳುವಾಗ ಬದನೆಕಾಯಿ, ಹೆಡ್‌ಫೋನ್, ಅತ್ತೆ ಎಲ್ಲ ಬರುತ್ತವೆ. ನಮಗೆ ಬೇಕಾಗಿರುವುದೂ ಅವೇ.

ಒಪ್ಪಿಗೆ, ಮತ್ತು ಊರು ಚಿಕ್ಕದು ಅನ್ನುವ ಮಾತು

ಹೆಸರು ತೆಗೆದರೆ ಸಾಕು ಅಂತ ಅಂದುಕೊಳ್ಳುತ್ತೇವೆ. ಬೆಂಗಳೂರಿನಲ್ಲಿ ಇರಬಹುದು, ಇಲ್ಲಿ ಸಾಲದು. ‘ಬಾಗಲಕೋಟೆ ನವನಗರದಲ್ಲಿ ಇರುವ, ಇಂಥ ಬ್ಯಾಂಕಿನ ಸಾಫ್ಟ್‌ವೇರ್ ಮಾಡುವ, ಎರಡು ಮಕ್ಕಳ ತಾಯಿ’ ಅಂದರೆ ಓಣಿಯವರಿಗೆ ಹೆಸರು ಬೇಕಾಗಿಲ್ಲ. ಅತ್ತೆಯ ಬಗ್ಗೆ ಸೊಸೆ ಹೇಳಿದ ಮಾತು ಸಂಜೆಯೊಳಗೆ ಅತ್ತೆಯ ಫೋನಿಗೇ ಬರುತ್ತದೆ.

ನಾನು ಪಾಲಿಸುವ ಕ್ರಮ ಹೀಗಿದೆ. ಊರು ಇಡುತ್ತೇನೆ, ಬಡಾವಣೆ ತೆಗೆಯುತ್ತೇನೆ. ಕೆಲಸದ ಬಗೆ ಇಡುತ್ತೇನೆ, ಕಂಪನಿ ಮತ್ತು ಕ್ಲೈಂಟ್ ತೆಗೆಯುತ್ತೇನೆ. ಮಕ್ಕಳ ಸಂಖ್ಯೆ, ವಯಸ್ಸು ಕತೆಗೆ ಬೇಡವಾದರೆ ತೆಗೆಯುತ್ತೇನೆ. ಆದರೆ ನಡೆದದ್ದನ್ನು ಬದಲಿಸುವುದಿಲ್ಲ. ಇಬ್ಬರ ಕತೆ ಸೇರಿಸಿ ಒಂದು ಮಾಡುವುದೂ ಇಲ್ಲ. ಓದುವವರಿಗೆ ಅದರ ವಾಸನೆ ಬೇಗ ಬಡಿಯುತ್ತದೆ. ಗುರುತು ಮುಚ್ಚಿದ್ದೇವೆ ಅಂತ ಕೊನೆಯ ಸ್ಲೈಡಿನ ಕೆಳಗೆ ಸಣ್ಣಕ್ಷರದಲ್ಲಿ ಹೇಳಿಬಿಡಿ.

ಚಾಟ್ ಸ್ಕ್ರೀನ್‌ಶಾಟ್ ಮಾತ್ರ ಬೇಡವೇ ಬೇಡ. ಹೆಸರಿಗೆ ಕಪ್ಪು ಬಳಿದರೂ ಪ್ರೊಫೈಲ್ ಫೋಟೋದ ಬಣ್ಣ, ಪ್ರಾಜೆಕ್ಟಿನ ಅಡ್ಡಹೆಸರು, ಮೆಸೇಜಿನ ಹೊತ್ತು ಎಲ್ಲ ಉಳಿದಿರುತ್ತದೆ. ಎಷ್ಟೋ ಕಂಪನಿಗಳಲ್ಲಿ ಒಳಗಿನ ಚಾಟ್ ಹೊರಗೆ ಹಾಕುವುದೇ ದೊಡ್ಡ ತಪ್ಪು. ಅನುಭವ ಹೇಳಿದ ಪಾಪದವರು ಕೆಲಸ ಕಳೆದುಕೊಂಡಾರು.

ಒಪ್ಪಿಗೆಯನ್ನು ಎರಡು ಸಲ ಕೇಳಿ. ವಾಯ್ಸ್ ಮೆಸೇಜ್ ಕಳಿಸುವಾಗ ಒಮ್ಮೆ, ಸ್ಲೈಡ್ ಮುಗಿದ ಮೇಲೆ ಅದೇ ಚಿತ್ರ ಕಳಿಸಿ ಇನ್ನೊಮ್ಮೆ. ಎರಡನೇ ಸಲ ‘ಸರಿ ಐತೇನ್ರೀ?’ ಅಂತ ಮಾತ್ರ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಇದನ್ನು ನಿಮ್ಮ ಲೀಡ್ ನೋಡಿದರ? ನಿಮ್ಮ ಅತ್ತಿ ನೋಡಿದರ?’ ಅಂತ ಕೇಳಿ. ಆಗ ನಿಜವಾದ ಉತ್ತರ ಬರುತ್ತದೆ.

ವಾಯ್ಸ್ ಮೆಸೇಜಿನಿಂದ ಸ್ಲೈಡಿಗೆ

ಹೆಚ್ಚು ಹೊತ್ತು ಬೇಡುವುದು ಈ ಹಂತ. ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ವಿಜಯಪುರದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುವ ಒಬ್ಬರ ವಾಯ್ಸ್ ಮೆಸೇಜ್ ಹೀಗಿತ್ತು:

‘ಏನಂದ್ರ ರೀ, ನಾ ಲ್ಯಾಪ್‌ಟಾಪ್ ಮುಂದ ಕುಂತಿರ್ತೀನಿ, ಹೆಡ್‌ಫೋನ್ ಹಾಕ್ಕೊಂಡಿರ್ತೀನಿ. ಅದು ಮೀಟಿಂಗೋ, ಸುಮ್ನ ಕೆಲಸಾನೋ, ಅತ್ತಿಗೆ ಹೆಂಗ ಗೊತ್ತಾಗಬೇಕು? ಎರಡೂ ಒಂದ ಥರಾ ಕಾಣ್ತೈತಿ. ಗ್ಯಾಸ್‌ನವ ಬಂದ್ರ ಕರೀತಾರ, ಕಾಯಿಪಲ್ಲೆದಾಕಿ ಬಂದ್ರ ಕರೀತಾರ. ಒಂದ್ಸಲ ನಾ ಕ್ಲೈಂಟ್ ಮುಂದ ಮಾತಾಡಾಕತ್ತಿದ್ದೆ, ಹಿಂದಿಂದ ‘ಬದ್ನಿಕಾಯಿ ಅರ್ಧಾ ಕಿಲೋ ಸಾಕೇನ?’ ಅಂದ್ರು. ಎಲ್ಲಾರೂ ನಕ್ರು. ನನಗ ನಗೂನೂ ಬಂತು, ಅಳೂನೂ ಬಂತು. ಆಮ್ಯಾಲ ಮೀಟಿಂಗ್ ಇದ್ದಾಗ ಬಾಗಲಾ ಚಿಲಕಕ್ಕ ಒಂದು ಕೆಂಪ ಟವೆಲ್ ಹಾಕಾಕ ಶುರು ಮಾಡಿದೆ. ‘ಇದೇನ ರೈಲ್ವೆ ಸಿಗ್ನಲ್ಲೇನವಾ’ ಅಂದ್ರು ಅತ್ತಿ. ಆದ್ರ ಟವೆಲ್ ಇಲ್ದಾಗ ಕರದ್ರ ನಾ ತಡ ಮಾಡಂಗಿಲ್ಲ, ಎದ್ದು ಹೋಗಲೇಬೇಕು, ಹಂಗ ಮಾತಾಗೇತಿ. ಅದಕ್ಕ ರಾತ್ರಿ ಅರ್ಧಾ ತಾಸು ಜಾಸ್ತಿ ಕುಂಡ್ರತೀನಿ. ಮೊನ್ನೆ ಬಾಜೂ ಮನಿಯವರು ಬಂದ್ರ ಅತ್ತೀನ ‘ಟವೆಲ್ ಹಾಕ್ಯಾಳ, ಆಮ್ಯಾಲ ಬರ್ರಿ’ ಅಂದ್ರು.’

ಇದನ್ನು ಕೈಗೆ ಕೊಟ್ಟರೆ ಹೆಚ್ಚಿನವರು ಮೊದಲು ಬರೆಯುವುದು ಹೀಗೆ: ‘ಮೀಟಿಂಗ್ ಸಮಯ ಮನೆಯವರಿಗೆ ತಿಳಿಯುವಂತೆ ಬಾಗಿಲಿಗೆ ಒಂದು ಗುರುತು ಹಾಕಿಕೊಳ್ಳಿ.’ ಸಂಗತಿ ಸರಿ. ಆದರೆ ಅತ್ತೆ ಹೋದರು, ಬದನೆಕಾಯಿ ಹೋಯಿತು, ರಾತ್ರಿಯ ಅರ್ಧ ತಾಸೂ ಹೋಯಿತು. ಉಳಿದದ್ದು ನಿಯಮ.

ಇನ್ನೊಂದು ಬಗೆಯ ಅಪಾಯ ಸಿಹಿ ಜಾಸ್ತಿಯಾಗುವುದು. ‘ಈಗ ನನ್ನ ಅತ್ತೆಯೇ ನನಗೆ ದೊಡ್ಡ ಬೆಂಬಲ.’ ಆಕೆ ಹಾಗೆ ಹೇಳಲೇ ಇಲ್ಲ. ಪಕ್ಕದ ಮನೆಯವರಿಗೆ ಅತ್ತೆ ಏನಂದರು ಅಂತಷ್ಟೇ ಹೇಳಿದರು. ಅದನ್ನು ದೊಡ್ಡ ಮಾತು ಮಾಡುವುದು ನಮ್ಮ ಕೆಲಸವಲ್ಲ.

ಸ್ಲೈಡ್ ಬರೆಯುವಾಗ ವಾಯ್ಸ್ ಮೆಸೇಜಿನಲ್ಲಿ ಮೂರನ್ನು ಹುಡುಕಿ. ಕೇಳಿಬಂದ ಒಂದು ಮಾತು, ಮಾಡಿದ ಒಂದು ಕೆಲಸ, ಅದಕ್ಕೆ ತೆತ್ತ ಬೆಲೆ. ಇಲ್ಲಿ ಮಾತು ಬದನೆಕಾಯಿಯದು, ಕೆಲಸ ಟವೆಲ್ಲಿನದು, ಬೆಲೆ ರಾತ್ರಿಯ ಅರ್ಧ ತಾಸು. ಬೆಲೆ ಇಲ್ಲದ ಅನುಭವವನ್ನು ನಾನು ಒಂದು ಸಲ ಮತ್ತೆ ಕೇಳುತ್ತೇನೆ. ಹೆಚ್ಚಾಗಿ ಅದು ಇರುತ್ತದೆ, ಹೇಳಲು ಮರೆತಿರುತ್ತಾರೆ. ಬೆಲೆಯನ್ನು ಬರೆದರೆ ಮಾತ್ರ ಓದುವವರು ನಂಬುತ್ತಾರೆ. ತಮ್ಮ ಮನೆಗೆ ಇದು ಆಗುತ್ತದೋ ಇಲ್ಲವೋ ಅಂತ ತಾವೇ ತೂಗಿ ನೋಡುತ್ತಾರೆ.

ಕೊನೆಗೆ ಇದು ಎರಡು ಸ್ಲೈಡ್ ಆಯಿತು. ಮೊದಲನೆಯದು:

‘ಕ್ಲೈಂಟ್ ಜೊತೆ ಮಾತಾಡ್ತಿದ್ದೆ. ಹಿಂದಿನಿಂದ ಅತ್ತಿ ಕೇಳಿದ್ರು: “ಬದ್ನಿಕಾಯಿ ಅರ್ಧಾ ಕಿಲೋ ಸಾಕೇನ?” ಎಲ್ಲರೂ ನಕ್ಕರು. ತಪ್ಪು ಅವರದಲ್ಲ. ಹೆಡ್‌ಫೋನ್ ಹಾಕಿ ಕೂತರೆ ಮೀಟಿಂಗ್ ಯಾವುದು, ಸುಮ್ನೆ ಕೆಲಸ ಯಾವುದು, ಹೊರಗಿಂದ ಗೊತ್ತಾಗಲ್ಲ.’

ಎರಡನೆಯದು:

‘ಈಗ ಮೀಟಿಂಗ್ ಇದ್ದಾಗ ಚಿಲಕಕ್ಕೆ ಕೆಂಪು ಟವೆಲ್. “ಇದೇನ ರೈಲ್ವೆ ಸಿಗ್ನಲ್ಲೇನವಾ?” ಅಂದ್ರು ಅತ್ತಿ. ಟವೆಲ್ ಇಲ್ಲದಾಗ ಕರೆದರೆ ನಾನು ತಕ್ಷಣ ಏಳ್ತೀನಿ, ಅದು ನಮ್ಮ ಒಪ್ಪಂದ. ಅದಕ್ಕೆ ರಾತ್ರಿ ಅರ್ಧ ತಾಸು ಜಾಸ್ತಿ ಕೂರ್ತೀನಿ.’

ಪಕ್ಕದ ಮನೆಯವರ ಮಾತನ್ನು ಬೇಕೆಂದೇ ಬಿಟ್ಟೆ. ಚೆಂದದ ಮಾತು, ನಿಜ. ಆದರೆ ಅದರಿಂದ ಕತೆ ಸುಖವಾಗಿ ಮುಗಿದಂತೆ ಕಾಣುತ್ತದೆ, ಅರ್ಧ ತಾಸಿನ ಮೇಲೆ ಪರದೆ ಬೀಳುತ್ತದೆ. ಅದನ್ನು ಕ್ಯಾಪ್ಶನ್‌ಗೆ ಇಟ್ಟುಕೊಂಡೆ.

‘ತಪ್ಪು ಅವರದಲ್ಲ’ ಅನ್ನುವ ಮಾತು ಆಕೆಯ ಬಾಯಲ್ಲಿ ಇದೇ ಪದಗಳಲ್ಲಿ ಬಂದಿರಲಿಲ್ಲ. ‘ಅತ್ತಿಗೆ ಹೆಂಗ ಗೊತ್ತಾಗಬೇಕು?’ ಅಂದಿದ್ದರು. ಹೀಗೆ ನಾವು ಸೇರಿಸಿದ ಮಾತು ಯಾವುದು ಅಂತ ಸ್ಲೈಡ್ ತೋರಿಸುವಾಗ ಬೆರಳಿಟ್ಟು ಹೇಳಬೇಕು. ಆಕೆ ಒಪ್ಪಿದ ಮೇಲೆ ಅದು ಉಳಿಯಿತು.

ಭಾಷೆಯ ವಿಷಯವೂ ಇಲ್ಲೇ ತೀರ್ಮಾನವಾಗಲಿ. ಪೂರ್ತಿ ಸ್ಲೈಡನ್ನು ನಮ್ಮ ಕಡೆಯ ಆಡುಮಾತಿನಲ್ಲಿ ಬರೆದರೆ ಮೈಸೂರು ಕಡೆಯವರು ತಡವರಿಸುತ್ತಾರೆ. ನಮ್ಮವರಿಗೂ ಆಡುಮಾತನ್ನು ಕೇಳಿ ರೂಢಿ, ಓದಿ ರೂಢಿ ಕಡಿಮೆ. ಪೂರ್ತಿ ಪುಸ್ತಕದ ಕನ್ನಡ ಮಾಡಿದರೆ ಅತ್ತೆ ಅತ್ತೆಯಾಗಿ ಉಳಿಯುವುದಿಲ್ಲ. ಹೇಳುವ ಭಾಗ ಸರಳ ಕನ್ನಡದಲ್ಲಿ, ಆಡಿದ ಮಾತು ಆಡಿದಂತೆ ಕೊಟೇಶನ್ ಒಳಗೆ ಅಂತ ಇಟ್ಟುಕೊಂಡರೆ ಇಬ್ಬರಿಗೂ ಓದಲು ಬರುತ್ತದೆ.

ಬರೆದು ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಸ್ಲೈಡುಗಳಲ್ಲಿ ‘ಬೇಕು’, ‘ಬೇಡ’, ‘ಬಾರದು’, ‘ಮಾಡಿ’, ‘ಇಟ್ಟುಕೊಳ್ಳಿ’ ಇವನ್ನು ಹುಡುಕಿ. ಯಾರದ್ದಾದರೂ ಆಡಿದ ಮಾತಿನೊಳಗೆ ಇದ್ದರೆ ಇರಲಿ. ಓದುಗರಿಗೆ ಹೇಳುತ್ತಿರುವಂತೆ ಇದ್ದರೆ ಅಲ್ಲಿ ನಿಯಮ ನುಸುಳಿದೆ. ಆ ವಾಕ್ಯವನ್ನು ‘ನಾನು’ ಇಂದ ಶುರುಮಾಡಿ ಬರೆದು ನೋಡಿ. ಹಾಗೆ ಬರೆಯಲು ಆಗದಿದ್ದರೆ ಅದರ ಹಿಂದೆ ಅನುಭವ ಇಲ್ಲ ಅಂತ ಅರ್ಥ, ತೆಗೆದುಬಿಡಿ.

ಉಳಿದ ಮೂರು ಅನುಭವ, ಮತ್ತು ಅವುಗಳ ಸಾಲು

ಟವೆಲ್ಲಿನದು ಮನೆಯ ಕಡೆಯ ಕತೆ. ಅದರ ಎದುರಿಗೆ ಆಫೀಸಿನ ಕಡೆಯದು ಒಂದು ಬೇಕು. ಬಾಗಲಕೋಟೆಯ ಒಬ್ಬ ಹುಡುಗ ಹೇಳಿದ್ದು ಇದು. ರಾತ್ರಿ 9:40ಕ್ಕೆ ಲೀಡ್ ‘ಹೇಗೂ ಮನೇಲೇ ಇದ್ದೀರಲ್ಲ’ ಅಂತ ಮೆಸೇಜ್ ಹಾಕಿದರು. ಅವನು ರೊಟ್ಟಿ ಮುರಿಯುತ್ತಿದ್ದ. ಎಡಗೈಯಲ್ಲೇ ಉತ್ತರ ಹಾಕಿದ: ‘ಊಟಕ್ಕೆ ಕೂತಿದ್ದೀನಿ ಸರ್, 10:15ಕ್ಕೆ ನೋಡ್ತೀನಿ.’ ಲೀಡ್ ಹೆಬ್ಬೆರಳು ತೋರಿಸಿದರು. 10:15ಕ್ಕೆ ನೋಡಿದರೆ ಅದು ಸೋಮವಾರದವರೆಗೆ ಬೇಡವಾದ ಕೆಲಸ. ಬೆಲೆ ಏನು ಅಂತ ಕೇಳಿದಾಗ ಅವನು ಹೇಳಿದ, ‘ಆ ಮೂವತ್ತೈದು ನಿಮಿಷ ಊಟದ ರುಚಿ ಗೊತ್ತಾಗಲಿಲ್ಲ ರೀ, ಫೋನೇ ನೋಡಾಕತ್ತಿದ್ದೆ.’ ಎಂಥ ಚೊಕ್ಕ ಮಾತು ನೋಡಿ. ಇದನ್ನು ಹಾಗೇ ಸ್ಲೈಡಿಗೆ ಹಾಕಿದರಾಯ್ತು.

ಮೂರನೆಯದು ಬೆಳಗಾವಿಯ ಒಬ್ಬ ತಾಯಿಯದು, ಅಮೆರಿಕದ ಟೀಮಿನವರು. ಚಳಿಗಾಲದಲ್ಲಿ ಅವರ ದಿನದ ಮೀಟಿಂಗ್ 7:30ಕ್ಕೆ. ಅದಕ್ಕೆ ಮೊದಲು ಮಗಳ ಹೋಂವರ್ಕ್ ಮುಗಿಯುತ್ತಿತ್ತು. ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರ ಬದಲಾದಾಗ ಮೀಟಿಂಗ್ 6:30ಕ್ಕೆ ಬಂತು, ಸರಿಯಾಗಿ ಹೋಂವರ್ಕಿನ ಮೇಲೆ. ಮನೆಯಲ್ಲಿ ಅದನ್ನು ಹೇಳಲು ಹೋದರೆ ‘ಮನ್ಯಾಗ ಅದೀಯಲ್ಲ, ಬಾಜೂಕ ಕೂಡ್ರಿಸ್ಕೋ’ ಅಂದರಂತೆ. ಈಗ ಮಾರ್ಚಿನಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹೋಂವರ್ಕ್ ಅಪ್ಪನದು, ಆಮೇಲೆ ಅಮ್ಮನದು. ಅಪ್ಪನಿಗೆ ಕನ್ನಡ ಒತ್ತಕ್ಷರ ಹೇಳಿಕೊಡಲು ಬರುವುದಿಲ್ಲ ಅನ್ನುವುದೇ ಮಗಳ ದೂರು. ‘ಟೈಮ್‌ಝೋನ್ ಪ್ರಕಾರ ಯೋಜನೆ ಮಾಡಿ’ ಅನ್ನುವ ನಿಯಮ ಈ ಮನೆಯೊಳಕ್ಕೆ ಇಳಿಯುತ್ತಲೇ ಇರಲಿಲ್ಲ.

ನಾಲ್ಕನೆಯದು ದಾರಿ ಸಿಗದ ಕತೆ. ಇಂಥದೊಂದು ಇರಲೇಬೇಕು ಅನ್ನುವುದು ನನ್ನ ಹಟ. ಹಳ್ಳಿಯ ಮನೆಯಿಂದ ಕೆಲಸ ಮಾಡುವ ಒಬ್ಬರಿಗೆ ಮಧ್ಯಾಹ್ನ ಕರೆಂಟ್ ಹೋಗುತ್ತದೆ. ಇನ್ವರ್ಟರ್ ಇದೆ, ಆದರೆ ನೆಟ್ ಕೊಡುವವರ ಕಡೆ ಬ್ಯಾಕಪ್ ಇಲ್ಲದೆ ವೈಫೈ ಸತ್ತಿರುತ್ತದೆ. ಹೋದ ತಾಸುಗಳನ್ನು ರಾತ್ರಿ ತುಂಬುತ್ತೇನೆ ಅಂತ ಅವರೇ ಮೊದಲು ಹೇಳಿದ್ದು. ಈಗ ಕರೆಂಟ್ ಇದ್ದ ದಿನವೂ ರಾತ್ರಿ ಅವರು ಇರುತ್ತಾರೆ ಅಂತಲೇ ಟೀಮ್ ಎಣಿಸುತ್ತದೆ. ‘ಇದಕ್ಕ ಏನ್ ಮಾಡೂದಂತ ನನಗ ಇನ್ನೂ ತಿಳಿದಿಲ್ಲ’ ಅಂದರು. ಸ್ಲೈಡ್ ಆ ಮಾತಿಗೇ ನಿಲ್ಲಲಿ. ಕೆಳಗೆ ಸಲಹೆ ಅಂಟಿಸಬೇಡಿ. ಎಲ್ಲ ಕತೆಗಳೂ ಗೆದ್ದರೆ, ಗೆಲ್ಲದವರು ತಮ್ಮಲ್ಲೇ ಕೊರತೆ ಇದೆ ಅಂದುಕೊಳ್ಳುತ್ತಾರೆ. ಜನ ಕಡಿಮೆ ಇರುವ ಟೀಮಿನಲ್ಲಿ, ಪ್ರೊಬೇಷನ್‌ನಲ್ಲಿ ಇರುವವರ ಕೈಯಲ್ಲಿ ಕೆಲವು ಗಡಿ ಇರುವುದೇ ಇಲ್ಲ.

ಸಾಲು ಹೀಗೆ ಬಂತು. ಒಂದನೇ ಸ್ಲೈಡ್ ಮುಖಪುಟ. ಎರಡು, ಮೂರು ಟವೆಲ್ಲಿನವು. ನಾಲ್ಕು ರೊಟ್ಟಿಯದು. ಐದು, ಆರು ಹೋಂವರ್ಕಿನವು. ಏಳು ಕರೆಂಟಿನದು. ಎಂಟು ಪ್ರಶ್ನೆ.

ಮುಖಪುಟದಲ್ಲಿ ಇರುವುದು ‘ಮನ್ಯಾಗ ಅದೀಯಲ್ಲ?’ ಅನ್ನುವ ಮಾತು ದೊಡ್ಡದಾಗಿ, ಕೆಳಗೆ ಚಿಕ್ಕದಾಗಿ ‘ಮನೆಯಿಂದ ಕೆಲಸ ಮಾಡುವ ನಾಲ್ವರು ಹೇಳಿದ್ದು’. ‘ಗಡಿ ಹಾಕಿಕೊಳ್ಳಲು ನಾಲ್ಕು ದಾರಿ’ ಅಂತ ಬರೆದಿರೋ, ಮಾಡಿದ್ದೆಲ್ಲ ನೀರಿಗೆ ಹೋಯಿತು. ಇನ್ನೊಂದು ಮಾತು. ಇನ್‌ಸ್ಟಾಗ್ರಾಮ್‌ನಲ್ಲಿ ಮೊದಲ ಸ್ಲೈಡ್ ನೋಡಿ ಸರಿಸದೆ ಹೋದವರಿಗೆ ಅದೇ ಪೋಸ್ಟ್ ಇನ್ನೊಮ್ಮೆ ಎರಡನೇ ಸ್ಲೈಡಿನಿಂದ ಕಾಣಿಸುವುದುಂಟು. ಹಾಗಾಗಿ ಎರಡನೆಯದು ಮುಖಪುಟದ ಬೆನ್ನು ಹಿಡಿದು ನಿಲ್ಲುವಂತಿರಬಾರದು. ಬದನೆಕಾಯಿಯನ್ನು ಅಲ್ಲಿಟ್ಟದ್ದು ಅದಕ್ಕೇ. ಯಾರು ಯಾವಾಗ ಓದಿದರೂ ಅದು ಅರ್ಥವಾಗುತ್ತದೆ.

ಕೊನೆಯ ಸ್ಲೈಡಿನ ಪ್ರಶ್ನೆ: ‘ನಿಮಗೆ ಈ ಮಾತನ್ನು ಕೊನೆಯ ಸಲ ಅಂದವರು ಯಾರು? ನೀವೇನಂದ್ರಿ?’ ‘ನಿಮ್ಮ ಟಿಪ್ಸ್ ಹಂಚಿಕೊಳ್ಳಿ’ ಅಂದರೆ ಕೆಳಗೆ ಮತ್ತೆ ನಿಯಮಗಳೇ ಸುರಿಯುತ್ತವೆ.

ಕನ್ನಡ ಅಕ್ಷರ ಸ್ಲೈಡಿನಲ್ಲಿ ಕೂರುವುದು

ಅಳತೆ 1080 × 1350 ಪಿಕ್ಸೆಲ್ ಇಟ್ಟುಕೊಂಡರೆ ಫೋನಿನಲ್ಲಿ ಚೆನ್ನಾಗಿ ತುಂಬುತ್ತದೆ. ಒಂದು ಸ್ಲೈಡಿಗೆ ಸುಮಾರು 30 ಪದ. ಕನ್ನಡ ಪದ ಉದ್ದ, ಇಂಗ್ಲಿಷಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೀರಿದರೆ ಅಕ್ಷರ ಚಿಕ್ಕದು ಮಾಡುವ ಬದಲು ಇನ್ನೊಂದು ಸ್ಲೈಡ್ ಮಾಡಿ.

ಸಾಲುಗಳ ನಡುವಿನ ಜಾಗವೇ ಹೆಚ್ಚು ಕೈಕೊಡುವುದು. ಡಿಸೈನ್ ಆ್ಯಪ್‌ಗಳು ತಾವಾಗಿ ಕೊಡುವ ಜಾಗ ಇಂಗ್ಲಿಷಿಗೆ ಹೊಂದುತ್ತದೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 1.5ರಷ್ಟು ಇಟ್ಟು, ‘ರೈಲ್ವೆ ಸಿಗ್ನಲ್ಲೇನವಾ’ ಥರದ ಒತ್ತು ಇರುವ ಸಾಲನ್ನು ಹತ್ತಿರದಿಂದ ನೋಡಿ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ಸಾಕು. ಮುಖಪುಟಕ್ಕೆ ಬಾಲೂ ತಮ್ಮ 2 ದಪ್ಪಗೆ ಚೆನ್ನಾಗಿ ಕಾಣುತ್ತದೆ. ಮೂರೂ ಯೂನಿಕೋಡ್, ಪುಕ್ಕಟೆ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬೀಳುತ್ತದೆ. ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ. ಫೋಟೋಶಾಪ್‌ನಲ್ಲಿ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ಬಿಡಿಯಾಗಿ ನಿಂತರೆ ಟೈಪ್ ಸೆಟ್ಟಿಂಗ್‌ನಲ್ಲಿ `World-Ready Layout` ಆರಿಸಿ, ಸರಿಹೋಗುತ್ತದೆ.

ಉದ್ದದ ಪದ ಸಾಲಿನ ಕೊನೆಯಲ್ಲಿ ತುಂಡಾಗಿದೆಯಾ ಅಂತಲೂ ನೋಡಿ. ಸಾಲು ಎಲ್ಲಿ ಮುರಿಯಬೇಕು ಅನ್ನುವುದನ್ನು ಆ್ಯಪ್‌ಗೆ ಬಿಡದೆ ಉಸಿರು ನಿಲ್ಲುವ ಕಡೆ ನೀವೇ ಎಂಟರ್ ಒತ್ತಿ. ಆಮೇಲೆ ಕಡಿಮೆ ಬೆಲೆಯ ಫೋನಿನಲ್ಲಿ, ಬ್ರೈಟ್‌ನೆಸ್ ಇಳಿಸಿ, ಕೈ ಚಾಚಿ ಹಿಡಿದು ಓದಿ. ಕಣ್ಣು ಕಿರಿದು ಮಾಡಬೇಕಾಗಿ ಬಂದರೆ ಅಕ್ಷರ ಚಿಕ್ಕದಾಯಿತು.

ಚಿತ್ರದ ವಿಷಯದಲ್ಲಿ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ನಗುತ್ತಾ ಲ್ಯಾಪ್‌ಟಾಪ್ ಹಿಡಿದವರ ಸ್ಟಾಕ್ ಫೋಟೋ ಒಂದು ಬೇಡ. ಬಾಗಿಲ ಚಿಲಕಕ್ಕೆ ನೇತುಹಾಕಿದ ಟವೆಲ್ಲಿನ ಒಂದು ಗೆರೆಚಿತ್ರ ಸಾಕು. ಅನುಭವ ಕೊಟ್ಟವರ ಮನೆಯ ಫೋಟೋ ಅಂತೂ ಹಾಕಬೇಡಿ.

ಹಾಕುವುದು, ಆಮೇಲೆ ಕಾಯುವುದು

ಲಿಂಕ್ಡ್‌ಇನ್‌ನಲ್ಲಿ ಇದನ್ನೇ ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಪೋಸ್ಟಾಗಿ ಹಾಕಬಹುದು, ಪುಟಗಳು ಸ್ಲೈಡಿನಂತೆ ಸರಿಯುತ್ತವೆ. ಪಿಡಿಎಫ್ ಮಾಡುವಾಗ ಸ್ಲೈಡುಗಳನ್ನು ಮೊದಲು ಪಿಎನ್‌ಜಿ ಚಿತ್ರ ಮಾಡಿ ಸೇರಿಸಿದರೆ ಕನ್ನಡ ಅಕ್ಷರ ಒಡೆಯುವ ಭಯ ಇರುವುದಿಲ್ಲ. ಚಿತ್ರದೊಳಗಿನ ಅಕ್ಷರ, ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಕಾಣುವುದಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಪ್ರತಿ ಸ್ಲೈಡಿಗೂ ಬೇರೆ ಬೇರೆ `Alt text` ಬರೆಯಬಹುದು, ಸ್ಲೈಡಿನ ಮಾತನ್ನೇ ಅಲ್ಲಿ ಟೈಪ್ ಮಾಡಿ.

ಕ್ಯಾಪ್ಶನ್‌ನ ಮೊದಲ ಒಂದೆರಡು ಸಾಲು ಮಾತ್ರ ತೆರೆಯದೆ ಕಾಣುತ್ತವೆ. ‘ಟವೆಲ್ ಹಾಕ್ಯಾಳ, ಆಮ್ಯಾಲ ಬರ್ರಿ’ ಅನ್ನುವ ಮಾತು ಅಲ್ಲಿಗೆ ಸರಿಯಾಗಿ ಕೂತಿತು.

ಪೋಸ್ಟ್ ಕೆಲಸ ಮಾಡಿತಾ ಅಂತ ಲೈಕ್ ನೋಡಿ ತಿಳಿಯುವುದಿಲ್ಲ. ಕಾಮೆಂಟ್ ಓದಿ. ‘ಸೂಪರ್’, ‘ನಿಜ’ ಅಷ್ಟೇ ಬಂದರೆ ಓದಿದರು, ಹೋದರು. ‘ನಮ್ಮ ಮನ್ಯಾಗ ಮಾವಗ ಹೇಳೂದು ಹೆಂಗ ಅಂತ ತಿಳೀವಲ್ದು’ ಅಂತ ಬಂದರೆ ಅದು ಗೆಲುವು, ಅಲ್ವಾ? ಗೆಳೆಯರನ್ನು, ಹೆಂಡತಿಯನ್ನು, ತಮ್ಮನನ್ನು ಟ್ಯಾಗ್ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಬಾಯಿಬಿಟ್ಟು ಹೇಳಲಾಗದ ಮಾತನ್ನು ಪೋಸ್ಟ್ ತೋರಿಸಿ ಹೇಳುತ್ತಿದ್ದಾರೆ.

ಯಾರಾದರೂ ಬಂದು ಕರೆಂಟಿನ ಕತೆಯವರಿಗೆ ‘ಕೆಲಸ ಬಿಟ್ಟು ಬೇರೆ ನೋಡ್ಕೊಳ್ರಿ’ ಅಂತ ಬರೆಯುತ್ತಾರೆ, ಖಂಡಿತ. ಜಗಳಕ್ಕೆ ಹೋಗದೆ ‘ನಿಮಗ ಹಿಂಗ ಆದಾಗ ನೀವೇನ್ ಮಾಡಿದ್ರಿ ಅಣ್ಣಾರ?’ ಅಂತ ಕೇಳಿ. ಕೆಲವರು ಸುಮ್ಮನಾಗುತ್ತಾರೆ, ಕೆಲವರು ನಿಜವಾಗಿ ಹೇಳುತ್ತಾರೆ. ಅತ್ತೆಯನ್ನು ಬೈಯುವ ಕಾಮೆಂಟ್‌ಗಳನ್ನು ಮಾತ್ರ ತೆಗೆದುಬಿಡಿ. ಆಕೆ ಆ ಮನೆಯಲ್ಲಿ ನಾಳೆಯೂ ಇರಬೇಕು.

ಅನುಭವ ಕೊಟ್ಟವರಲ್ಲಿ ಯಾರಾದರೂ ಆಮೇಲೆ ‘ತೆಗೀರಿ’ ಅಂದರೆ ಕಾರಣ ಕೇಳದೆ ತೆಗೆಯಿರಿ. ಇನ್‌ಸ್ಟಾಗ್ರಾಮ್‌ನಲ್ಲಿ ಎಡಿಟ್‌ಗೆ ಹೋಗಿ ಒಂದು ಸ್ಲೈಡನ್ನಷ್ಟೇ ಅಳಿಸಬಹುದು, ಉಳಿದದ್ದು ಹಾಗೇ ಇರುತ್ತದೆ. ಲಿಂಕ್ಡ್‌ಇನ್‌ನಲ್ಲಿ ಹಾಕಿದ ಪಿಡಿಎಫ್ ಬದಲಿಸಲು ಬರುವುದಿಲ್ಲ, ಇಡೀ ಪೋಸ್ಟ್ ತೆಗೆದು ಮತ್ತೆ ಹಾಕಬೇಕು, ಕಾಮೆಂಟ್‌ಗಳೂ ಹೋಗುತ್ತವೆ. ಈ ವ್ಯತ್ಯಾಸವನ್ನು ಅವರಿಗೆ ಮೊದಲೇ ಹೇಳಿ. ಎಲ್ಲಿ ಹಾಕಬಹುದು ಅನ್ನುವುದನ್ನು ಅವರೇ ಆರಿಸಲಿ. ಟವೆಲ್ಲಿನವರು ಇನ್‌ಸ್ಟಾಗ್ರಾಮ್ ಮಾತ್ರ ಅಂದರು. ಲಿಂಕ್ಡ್‌ಇನ್‌ನಲ್ಲಿ ಅವರ ಲೀಡ್ ಇದ್ದಾರಂತೆ, ಅತ್ತೆ ಎರಡರಲ್ಲೂ ಇಲ್ಲವಂತೆ.